ಪಾಡ್‌ಕಾಸ್ಟಿನಲ್ಲಿ ಮಾತು ಎಲ್ಲಿ ತಿರುಗಿತು ಅಂತ ಕಂಡುಹಿಡಿಯುವುದು ಹೇಗೆ? (ಅಧ್ಯಾಯ ಗುರುತು, ಕಂತಿನ ಟಿಪ್ಪಣಿ)

ಪೆರ್ಲದ ಮೈಕು

ನಮಸ್ಕಾರ. ನಾನು ಮತ್ತು ಭಾವ ಸೇರಿ ಪೆರ್ಲ, ಬಾಯಾರು, ಎಣ್ಮಕಜೆ ಕಡೆಯ ಹಿರಿಯರನ್ನು ಮಾತಾಡಿಸಿ ಪಾಡ್‌ಕಾಸ್ಟ್ ಮಾಡ್ತೇವೆ. ಈ ಸಲದ ಕಂತು ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವ ಒಬ್ಬ ಅಜ್ಜನ ಜತೆ, 58 ನಿಮಿಷ. ಅಷ್ಟುದ್ದ ಕೇಳಲಿಕ್ಕೆ ಜನರಿಗೆ ಪುರುಸೊತ್ತಿಲ್ಲ. ಹಾಗಾಗಿ «ಇಲ್ಲಿಂದ ಗಾಳಿಯ ವಿಷಯ, ಇಲ್ಲಿಂದ ಮಡಕದ ವಿಷಯ» ಅಂತ ಗುರುತು ಹಾಕಿ, ಕೆಳಗೆ ನಾಲ್ಕು ಸಾಲು ಟಿಪ್ಪಣಿ ಬರೆಯಬೇಕು ಅಂತ ಉಂಟು. ಕೈಯಲ್ಲಿ ಮಾಡಿದರೆ ಒಂದು ಕಂತಿಗೆ ಒಂದು ಸಂಜೆ ಹೋಗ್ತದೆ.

ವಿಸ್ಪರ್‌ನಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆದೆ, ಸುಮಾರು 6,400 ಪದ ಬಂತು. ಅದನ್ನು 20 ಪದದ ತುಂಡು ಮಾಡಿ, ಅಕ್ಕಪಕ್ಕದ ತುಂಡುಗಳಲ್ಲಿ ಎಷ್ಟು ಪದ ಒಂದೇ ಉಂಟು ಅಂತ `CountVectorizer`ನಲ್ಲಿ ಲೆಕ್ಕ ಹಾಕಿದೆ. ಪದ ಹೊಂದದ ಕಡೆ ವಿಷಯ ಬದಲಾಗಿದೆ ಅಂತ ಅಂದಾಜು. ಗ್ರಾಫ್ ನೋಡಿದರೆ ಜುಲೈ ತಿಂಗಳ ನಮ್ಮ ರಸ್ತೆ, ಎಲ್ಲಿ ನೋಡಿದರೂ ಗುಂಡಿ. 40 ಅಧ್ಯಾಯ ಕೊಟ್ಟಿತು! ಮುಖ್ಯ ಪದ ಯಾವುವು ಅಂತ ಕೇಳಿದರೆ «ಗದಲ», «ಲಸ», «ಯವರ». ಇದು ಯಾವ ಭಾಷೆ ಮಾರಾಯ್ರೇ?

ಬದಿಯಡ್ಕ ಟು ಬೆಂಗ್ಳೂರು

ಇದಕ್ಕೆಲ್ಲ ಪದ ಯಾಕೆ ಬ್ರೋ. ಮೌನ ಎಲ್ಲಿದೆಯೋ ಅಲ್ಲಿ ಕಟ್ ಮಾಡಿ. ನಾನು ಆಫೀಸಿನ ಮೀಟಿಂಗ್ ರೆಕಾರ್ಡಿಂಗಿಗೆ ಹಾಗೇ ಮಾಡೋದು.

```
ffmpeg -i kantu.wav -af silencedetect=noise=-35dB:d=1.2 -f null -
```

1.2 ಸೆಕೆಂಡಿಗಿಂತ ಉದ್ದದ ಮೌನ ಎಲ್ಲಾ ಪಟ್ಟಿ ಮಾಡಿ ಕೊಡುತ್ತೆ.

ಪೆರ್ಲದ ಮೈಕು

ಓಡಿಸಿ ನೋಡಿದೆ, 71 ಮೌನ ಸಿಕ್ಕಿತು. ಅಜ್ಜನವರು ಎಲೆ ಅಡಿಕೆ ಹಾಕ್ತಾರೆ ಅಣ್ಣ. ಒಂದು ವಾಕ್ಯದ ನಡುವೆ ನಾಲ್ಕು ಸೆಕೆಂಡು ನಿಲ್ಲಿಸಿ ಮತ್ತೆ ಅದನ್ನೇ ಮುಂದುವರಿಸ್ತಾರೆ. ನನ್ನ ಭಾವನಾದರೆ ಉಸಿರು ಬಿಡದೆ ಮುಂದಿನ ಪ್ರಶ್ನೆಗೆ ಹಾರ್ತಾನೆ. ನಿಜವಾಗಿ ವಿಷಯ ಬದಲಾದ ಕಡೆ ಮೌನವೇ ಇಲ್ಲ.

ಹೊಸಂಗಡಿ ಶ್ರೋತೃ

ತಾವು ಕಡತವನ್ನು ತುಂಡರಿಸಿ ಬೇರೆ ಬೇರೆ ಮಾಡಬೇಕೆಂದು ಕೇಳುತ್ತಿದ್ದೀರಿ ಎಂದು ತಿಳಿದಿದ್ದೇನೆ. ನನ್ನಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳಿವೆ. ಅವನ್ನು ಕಂಪ್ಯೂಟರಿಗೆ ಹಾಕಿಸಿದಾಗ ಒಂದೊಂದು ಪದ್ಯಕ್ಕೆ ಒಂದೊಂದು ತುಂಡು ಮಾಡಿಸಿದೆ. ಭಾಗವತರು ಪದ್ಯ ಎತ್ತಿದಲ್ಲಿ ಕತ್ತರಿಸಿದರಾಯಿತು. ಮದ್ದಳೆಯ ಪೆಟ್ಟು ಬಿದ್ದ ಜಾಗ ಅಲೆಯ ಚಿತ್ರದಲ್ಲೇ ಎದ್ದು ಕಾಣುತ್ತದೆ.

ಪೆರ್ಲದ ಮೈಕು

ತುಂಡು ಮಾಡುವುದಲ್ಲ ಮಾವ, ಕಡತ ಇಡಿಯಾಗಿಯೇ ಇರ್ತದೆ. ಪುಸ್ತಕದ ಪರಿವಿಡಿ ಇದ್ದ ಹಾಗೆ ಸಮಯದ ಪಟ್ಟಿ ಮಾತ್ರ ಬೇಕು. ನಿಮಗೆ ಭಾಗವತರಾದರೂ ಇದ್ದಾರೆ, ನನಗೆ ಭಾವ ಮಾತ್ರ 😄

ನೀರ್ಚಾಲು ಅಕ್ಕ

ಭಾಷಾ ಸಂಸ್ಕರಣೆಯ ಕೆಲಸದಲ್ಲಿ ಇರುವವಳು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದಲು «ಗದಲ» ಎಲ್ಲಿಂದ ಬಂತು ಅಂತ ನೋಡುವ. ನಿಮ್ಮ `CountVectorizer` ಪದವನ್ನು ಗುರುತಿಸುವುದು `\b\w\w+\b` ಎಂಬ ನಮೂನೆಯಿಂದ. ಪೈಥಾನಿನ `re` ನಮ್ಮ ಕಾಗುಣಿತದ ಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಇವನ್ನೆಲ್ಲ `\w` ಅಂತ ಒಪ್ಪುವುದಿಲ್ಲ. ಅದರ ಕಣ್ಣಿಗೆ «ಸುರಂಗದಲ್ಲಿ» ಅಂದರೆ ಸ, ರ, ಗದಲ, ಲ. ಒಂಟಿ ಅಕ್ಷರ ಬಿದ್ದುಹೋಗ್ತದೆ, ಉಳಿಯುವುದು «ಗದಲ». «ಕೆಲಸ»ದಲ್ಲಿ «ಲಸ» ಉಳಿದದ್ದೂ ಹೀಗೆಯೇ. ಅಂದರೆ ನೀವು ಇಷ್ಟರವರೆಗೆ ಹೋಲಿಸಿದ್ದು ಕನ್ನಡವನ್ನೇ ಅಲ್ಲ, ಅದರ ಚೂರುಗಳನ್ನು.

ನೀವು ಮಾಡಿದ ವಿಧಾನದ ಮೂಲ 1997ರ ಟೆಕ್ಸ್ಟ್‌ಟೈಲಿಂಗ್, ಮಾರ್ಟಿ ಹರ್ಸ್ಟ್ ಅವರದ್ದು. ಎನ್‌ಎಲ್‌ಟಿಕೆಯಲ್ಲಿ ಅದು ತಯಾರಾಗಿಯೇ ಸಿಗ್ತದೆ, ಆದರೆ ಆ ಕಡೆ ಹೋಗಬೇಡಿ. ಅದು a-z ಬಿಟ್ಟು ಉಳಿದ ಅಕ್ಷರಗಳನ್ನೆಲ್ಲ ಆರಂಭದಲ್ಲೇ ಒರೆಸಿ ಹಾಕ್ತದೆ.

ಬದಿಯಡ್ಕ ಟು ಬೆಂಗ್ಳೂರು

ಓ ಅಷ್ಟೇನಾ. `token_pattern=r'\S+'` ಹಾಕಿ, ಖಾಲಿ ಜಾಗದಲ್ಲಿ ಮಾತ್ರ ಕತ್ತರಿಸುತ್ತೆ. ಪ್ರಾಬ್ಲಂ ಸಾಲ್ವ್ಡ್.

ಪೆರ್ಲದ ಮೈಕು

ಹಾಕಿದೆ. ಈಗ ಪದಗಳು ಪದದ ಹಾಗೆ ಉಂಟು, ಗ್ರಾಫ್ ಮಾತ್ರ ಹಾಗೆಯೇ. ಎಲ್ಲಾ ಕಡೆ ಸೊನ್ನೆಯ ಹತ್ತಿರ. ಗಾಳಿಯ ವಿಷಯ ಐದು ನಿಮಿಷ ಮಾತಾಡಿದ್ದಾರೆ, ಅದರ ಮಧ್ಯದಲ್ಲೂ ಅಕ್ಕಪಕ್ಕದ ತುಂಡುಗಳಿಗೆ ಸಂಬಂಧವೇ ಇಲ್ಲ ಅಂತ ತೋರಿಸ್ತದೆ.

ನೀರ್ಚಾಲು ಅಕ್ಕ

ಬದಿಯಡ್ಕದವರು ಹೇಳಿದ್ದು ಬೇಕಾದದ್ದೇ, ಆದರೆ ಅರ್ಧ ದಾರಿ. ಅಜ್ಜ ಒಮ್ಮೆ «ಸುರಂಗ» ಅಂತಾರೆ, ಮತ್ತೆ «ಸುರಂಗದ», «ಸುರಂಗಕ್ಕೆ», «ಸುರಂಗದೊಳಗೆ», «ಸುರಂಗವೇ» ಅಂತಾರೆ. ಕೇಳುವ ನಮಗೆ ಅದೊಂದೇ ಪದ, ಕಂಪ್ಯೂಟರಿಗೆ ಐದು. ಇಂಗ್ಲಿಷಿನಲ್ಲಿ ಪದದ ಬಾಲ ಸಣ್ಣದು, ಅಲ್ಲಿ ಈ ತೊಂದರೆ ಅಷ್ಟು ಕಾಡುವುದಿಲ್ಲ. ನಮ್ಮಲ್ಲಿ ವಿಭಕ್ತಿಯೂ ಸಂಧಿಯೂ ಸೇರಿ ಪದ ಹೊಂದುವುದನ್ನೇ ಮುರಿದು ಹಾಕ್ತವೆ.

ಪದದ ಮೊದಲ ಎರಡು ಮೂರು ಅಕ್ಷರ ಮಾತ್ರ ಇಟ್ಟುಕೊಳ್ಳುವುದು ಒಂದು ಉಪಾಯ. «ಸುರಂಗ»ಕ್ಕೆ ಅದು ಸರಿಹೋಗ್ತದೆ. ಆದರೆ «ನೀರು, ನೀರಿನ, ನೀರನ್ನು» ಮೂರರಲ್ಲೂ ಎರಡನೆಯ ಅಕ್ಷರದ ಸ್ವರವೇ ಬೇರೆ. ಸ್ವರವನ್ನೂ ತೆಗೆದರೆ ಅಡಿಕೆ, ಅಡುಗೆ ಎರಡೂ «ಅಡ» ಆಗಿ ಒಂದಾಗ್ತವೆ. ನಮ್ಮ ಊರಿನ ಪಾಡ್‌ಕಾಸ್ಟಿಗೆ ಅದು ಆಗಲಿಕ್ಕಿಲ್ಲ!

ನಾನು ಬಳಸುವುದು ಅಕ್ಷರದ ತುಣುಕುಗಳನ್ನು. ಪ್ರತಿ ಪದವನ್ನು ಮೂರರಿಂದ ಐದು ಚಿಹ್ನೆಗಳ ಎಲ್ಲಾ ತುಣುಕಾಗಿ ನೋಡುವುದು. ಆಗ «ನೀರು» ಮತ್ತು «ನೀರಿನ» ಪೂರ್ತಿ ಹೊಂದದಿದ್ದರೂ ಸ್ವಲ್ಪ ಹೊಂದ್ತವೆ, ಅಷ್ಟು ಸಾಕು.

```python
v = TfidfVectorizer(analyzer='char_wb', ngram_range=(3, 5),
                    max_df=0.3, sublinear_tf=True)
X = v.fit_transform(tundugalu)   # 20 ಪದಕ್ಕೆ ಒಂದು ತುಂಡು

def hondike(i, k=6):
    a = np.asarray(X[max(0, i-k):i].sum(axis=0)).ravel()
    b = np.asarray(X[i:i+k].sum(axis=0)).ravel()
    return a @ b / (np.linalg.norm(a) * np.linalg.norm(b))
```

`max_df=0.3` ಮರೆಯಬೇಡಿ. «ತ್ತದೆ», «ದಲ್ಲಿ», «ಅಂತ» ಇವು ಎಲ್ಲಾ ತುಂಡಿನಲ್ಲೂ ಇರ್ತವೆ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ತುಂಡಿನಲ್ಲಿ ಬರುವುದನ್ನು ಈ ಸಾಲು ಬಿಟ್ಟುಬಿಡ್ತದೆ. ಇಲ್ಲದಿದ್ದರೆ ಕಂತಿನ ಒಂದು ಭಾಗಕ್ಕೂ ಇನ್ನೊಂದಕ್ಕೂ «ಅಂತ» ಒಂದರಿಂದಲೇ ನೆಂಟಸ್ತನ ಬೆಳೀತದೆ.

`k=6` ಅಂದರೆ ಎಡಕ್ಕೆ 120 ಪದ, ಬಲಕ್ಕೆ 120 ಪದ. ನಿಮ್ಮ ಅಜ್ಜನ ವೇಗದಲ್ಲಿ ಅದು ಸುಮಾರು ಒಂದೊಂದು ನಿಮಿಷ. ಅದಕ್ಕಿಂತ ಚಿಕ್ಕ ವಿಷಯ ಇದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. `k` ಇಳಿಸಿದರೆ ಮತ್ತೆ ರಸ್ತೆ ಗುಂಡಿ.

ಪೆರ್ಲದ ಮೈಕು

ಅಕ್ಕ, ಗ್ರಾಫ್ ಈಗ ಗುಡ್ಡ ಕಣಿವೆಯ ಹಾಗೆ ಆಯ್ತು! ಆದರೆ ಕಣಿವೆ ಎಷ್ಟು ಆಳ ಇದ್ದರೆ ಅಧ್ಯಾಯ ಅಂತ ಹೇಳುವುದು? 0.2ಕ್ಕಿಂತ ಕೆಳಗೆ ಅಂತ ಗೆರೆ ಎಳೆದರೆ ಕೊನೆಯ ಹತ್ತು ನಿಮಿಷ ಇಡೀ ಗೆರೆಯ ಕೆಳಗೇ ಉಂಟು.

ನೀರ್ಚಾಲು ಅಕ್ಕ

ಸಮುದ್ರಮಟ್ಟದಿಂದ ಅಳೆದರೆ ಹಾಗಾಗ್ತದೆ. ಕಣಿವೆಯನ್ನು ಅದರ ಎರಡು ಬದಿಯ ಗುಡ್ಡದಿಂದ ಅಳೆಯಬೇಕು. ಕೊನೆಯಲ್ಲಿ ಅಜ್ಜ ಬಿಡಿಬಿಡಿಯಾಗಿ ಮಾತಾಡಿರಬೇಕು, ಹಾಗಾಗಿ ಅಲ್ಲಿ ಗುಡ್ಡವೇ ಗಿಡ್ಡ.

ನೀವು ಕಳಿಸಿದ ಕಡತದಲ್ಲಿ 15ನೇ ನಿಮಿಷದ ಹತ್ತಿರ ಒಂದು ಕಣಿವೆ ಉಂಟು, ಹೊಂದಿಕೆ 0.12. ಎಡಕ್ಕೆ ಹತ್ತಿದರೆ ತುದಿ 0.41, ಬಲಕ್ಕೆ 0.38. ಆಳ ಅಂದರೆ 0.29ಕ್ಕೆ 0.26 ಕೂಡಿಸಿ 0.55. ಎಲ್ಲಾ ಕಣಿವೆಗೆ ಹೀಗೆ ಆಳ ಲೆಕ್ಕ ಹಾಕಿ. ನಿಮ್ಮ ಕಂತಿನಲ್ಲಿ ಸರಾಸರಿ 0.21, ವಿಚಲನೆ 0.16 ಬಂತು. ಮೂಲ ವಿಧಾನದಲ್ಲಿ ಸರಾಸರಿಯಿಂದ ವಿಚಲನೆಯ ಅರ್ಧ ಕಳೆದು ಅದಕ್ಕಿಂತ ಆಳವಾದದ್ದನ್ನು ಆರಿಸ್ತಾರೆ. ಅದರಿಂದ ನಿಮಗೆ 31 ಸಿಗ್ತದೆ, ಯಾಕೆಂದರೆ ಅದು ಬರೆದ ಲೇಖನದಲ್ಲಿ ಪ್ಯಾರಾ ಗುಂಪು ಹುಡುಕಲಿಕ್ಕೆ ಮಾಡಿದ್ದು. ಮಾತುಕತೆಗೆ ನಾನು ಸರಾಸರಿಗೆ ಒಂದು ವಿಚಲನೆ ಕೂಡಿಸ್ತೇನೆ, ಇಲ್ಲಿ 0.37. ಆಗ 9 ಉಳಿದವು.

ಅಂಗಡಿಮೊಗರು

ನಾನು ಇವರ ಕಂತು ಕೇಳುವವಳು, ಕೋಡ್ ಗೀಡ್ ಗೊತ್ತಿಲ್ಲ. ನಿನ್ನೆ ಹಾಕಿದ ಅಧ್ಯಾಯದ ಪಟ್ಟಿ ಒತ್ತಿ ನೋಡಿದೆ. «ಗಾಳಿ ಇಲ್ಲದಾಗ ಏನು ಮಾಡುವುದು» ಒತ್ತಿದರೆ ಪಿಕ್ಕಾಸಿನ ಬೆಲೆಯ ಮಾತು ಕೇಳ್ತದೆ. ತುಂಬಾ ಹೊತ್ತು ಕಾದ ಮೇಲೆ ಗಾಳಿಯ ವಿಷಯ ಬರ್ತದೆ. ಎಲ್ಲವೂ ಹಾಗೆಯೇ. ಇನ್ನೊಂದು, ಟಿಪ್ಪಣಿಯಲ್ಲಿ «ಸುರಂಗದ ನೀರು ಮಡಕೆಗೆ ಬೀಳುತ್ತದೆ» ಅಂತ ಬರೆದಿದ್ದೀರಿ. ಅಷ್ಟು ನೀರು ಹಿಡಿಯುವ ಮಡಕೆ ಯಾವ ಸಂತೆಯಲ್ಲಿ ಸಿಗ್ತದೆ?

ಪೆರ್ಲದ ಮೈಕು

ಅಯ್ಯೋ. ಮಡಕ! ಅಜ್ಜ ಮಡಕ ಅಂತಲೇ ಹೇಳಿದ್ದು, ನೀರು ನಿಲ್ಲುವ ಹೊಂಡ. ವಿಸ್ಪರ್ ಅದನ್ನು ಮಡಕೆ ಮಾಡಿದೆ. 17 ಸಲ. ಹುಡುಕಿ ಬದಲಾಯಿಸುವಾಗ ಒಂದು ಕಡೆ ನಿಜವಾಗಿಯೂ ಮಡಕೆ ಇತ್ತು (ಕುಡಿಯುವ ನೀರು ಇಡುವುದು), ಅದನ್ನೂ ಮಡಕ ಮಾಡಿ ಮತ್ತೆ ಸರಿ ಮಾಡಿದೆ.

ಸಮಯ ತಪ್ಪಿದ್ದು ಯಾಕೆ ಅಂತಲೂ ಗೊತ್ತಾಯ್ತು. ಟ್ರಾನ್ಸ್‌ಕ್ರಿಪ್ಟ್ ಮಾಡಿದ್ದು ಕಚ್ಚಾ ಕಡತದಿಂದ. ಆಮೇಲೆ ಚೆಂಡೆಯ ಸಂಗೀತ ಮತ್ತು ನನ್ನ ಪೀಠಿಕೆ ಸೇರಿಸಿದೆ, ಒಟ್ಟು 38 ಸೆಕೆಂಡು. ಎಲ್ಲಾ ಗುರುತೂ ಅಷ್ಟು ಮುಂಚೆ ಬಿದ್ದಿದೆ.

ನೀರ್ಚಾಲು ಅಕ್ಕ

38 ಕೂಡಿಸಿ, ಆದರೂ ಪೂರ್ತಿ ಸರಿಯಾಗಲಿಕ್ಕಿಲ್ಲ. ಕಣಿವೆಯ ತಳ ಮತ್ತು ವಿಷಯ ನಿಜವಾಗಿ ತಿರುಗಿದ ಜಾಗ ಒಂದೇ ಆಗಿರುವುದು ಅಪರೂಪ. ಅದೇ 15ನೇ ನಿಮಿಷದ್ದನ್ನು ತೆಗೆದುಕೊಳ್ಳಿ. ಕಚ್ಚಾ ಕಡತದಲ್ಲಿ ತಳ ಇರುವುದು 15:05ಕ್ಕೆ. ಟ್ರಾನ್ಸ್‌ಕ್ರಿಪ್ಟ್ ಹೀಗೆ ಉಂಟು:

14:32, ಭಾವ: «ಅದಿರಲಿ ಅಜ್ಜ, ಅಷ್ಟು ಒಳಗೆ ಹೋದ ಮೇಲೆ ಉಸಿರಾಡಲಿಕ್ಕೆ ಗಾಳಿ ಉಂಟಾ ಇಲ್ಲವಾ ಅಂತ ಹೇಗೆ ಗೊತ್ತಾಗುವುದು?»
14:41, ಅಜ್ಜ: «ಗಾಳಿಯಾ? ಹಾಂ… ನಾನು ಆಗ ಹೇಳಿದೆನಲ್ಲ, ಪಿಕ್ಕಾಸು ಹಿಡಿದು ಕೂತೇ ಅಗೆಯುವುದು…»
15:03, ಅಜ್ಜ: «ಒಂದು ಮೇಣದ ಬತ್ತಿ ಹೊತ್ತಿಸಿ ಇಡುವುದು. ಅದು ನಂದಿತು ಅಂದರೆ ಹೊರಗೆ ಬರಬೇಕು.»

ಪ್ರಶ್ನೆ ಕೇಳಿದ ಮೇಲೂ ಅಜ್ಜ 20 ಸೆಕೆಂಡು ಹಳೆಯ ಪಿಕ್ಕಾಸಿನಲ್ಲೇ ಇದ್ದಾರೆ. ಪದಗಳ ಲೆಕ್ಕಕ್ಕೆ ಬದಲಾವಣೆ ಕಾಣುವುದು ಮೇಣದ ಬತ್ತಿ ಬಂದಾಗ. ಕೇಳುವವರಿಗೆ ಬೇಕಾದದ್ದು ಪ್ರಶ್ನೆಯ ಆರಂಭ. ಹಾಗಾಗಿ ಕಣಿವೆಯಿಂದ ಹಿಂದಕ್ಕೆ 60 ಸೆಕೆಂಡಿನೊಳಗೆ ಕೇಳುವವನ ಮಾತು ಎಲ್ಲಿ ಶುರುವಾಯಿತು ಅಂತ ನೋಡಿ ಗುರುತನ್ನು ಅಲ್ಲಿಗೆ ಸರಿಸಬೇಕು. ಭಾವನ ಎಲ್ಲಾ ಮಾತನ್ನೂ ಹಿಡಿಯಬೇಡಿ, «ಹೌದಾ?», «ಓಹೋ» ಇವು ಹೂಂಗುಟ್ಟುವುದು ಮಾತ್ರ. ಎಂಟು ಪದಕ್ಕಿಂತ ಉದ್ದ ಇರುವುದನ್ನು ಮಾತ್ರ ಪ್ರಶ್ನೆ ಅಂತ ಲೆಕ್ಕ ಹಾಕಿ. «ಅದಿರಲಿ», «ಇನ್ನು», «ಮತ್ತೆ ಈ» ಅಂತ ಶುರುವಾದರೆ ಇನ್ನೂ ಗಟ್ಟಿ.

ಯಾರು ಯಾವಾಗ ಮಾತಾಡಿದ್ದು ಅಂತ ಗೊತ್ತುಂಟಾ? ಇಬ್ಬರಿಗೂ ಬೇರೆ ಮೈಕು ಇತ್ತಾ?

ಪೆರ್ಲದ ಮೈಕು

ಎರಡು ಮೈಕು, ಎರಡು ಟ್ರ್ಯಾಕ್. ಯಾವ ಟ್ರ್ಯಾಕಿನ ಸದ್ದು ದೊಡ್ಡದೋ ಅವರು ಮಾತಾಡ್ತಿದ್ದಾರೆ ಅಂತ ತೆಗೆದುಕೊಂಡೆ, ಸರಿಯಾಯ್ತು.

ಅಕ್ಕ ಹೇಳಿದ ಹಾಗೆ ಮಾಡಿದ ಮೇಲೆ ಕೈಯಲ್ಲೂ ಒಂದು ಪಟ್ಟಿ ಮಾಡಿ ಹೋಲಿಸಿದೆ. ನನ್ನ ಕೈಯ ಪಟ್ಟಿಯಲ್ಲಿ 8 ತಿರುವು, ಯಂತ್ರದ್ದು 9. ಅದರಲ್ಲಿ 6 ಗುರುತು 30 ಸೆಕೆಂಡಿನೊಳಗೆ ಹೊಂದಿದವು. ಎರಡು ತಿರುವು ಅದಕ್ಕೆ ಸಿಗಲೇ ಇಲ್ಲ. ಒಂದು, ಸುರಂಗ ತೋಡುವ ಮಾತಿನಿಂದ ಹಳೆಯ ಸುರಂಗದ ಮಣ್ಣು ತೆಗೆಯುವ ಮಾತಿಗೆ ಹೋದದ್ದು. ಎರಡರಲ್ಲೂ ಮಣ್ಣು, ಪಿಕ್ಕಾಸು, ಬುಟ್ಟಿ. ಪದ ಒಂದೇ ಆದರೆ ಪಾಪ ಅದಾದರೂ ಎಂತ ಮಾಡ್ತದೆ. ಇನ್ನೊಂದು ಒಂದೇ ನಿಮಿಷದ್ದು.

ಹೆಚ್ಚುವರಿ ಬಂದ ಮೂರರಲ್ಲಿ ಒಂದು ವಿಚಿತ್ರ. 33ನೇ ನಿಮಿಷದಲ್ಲಿ «ಹೌದು ಹೌದು ಹೌದು ಹೌದು» ಅಂತ ಅರ್ಧ ಪುಟ ಉಂಟು. ಧ್ವನಿ ಕೇಳಿದರೆ ಅಲ್ಲಿ ಯಾರೂ ಮಾತಾಡ್ತಿಲ್ಲ, ಮಳೆ ಮಾತ್ರ.

ನೀರ್ಚಾಲು ಅಕ್ಕ

ವಿಸ್ಪರ್‌ನ ಹಳೆಯ ಚಾಳಿ. ಮಾತಿಲ್ಲದ ಸದ್ದು ಸಿಕ್ಕಿದರೆ ಏನಾದರೊಂದು ಕಟ್ಟಿ ಹೇಳ್ತದೆ. ತನ್ನ ಹಿಂದಿನ ಸಾಲನ್ನೇ ನೋಡಿ ಮುಂದಿನದ್ದು ಬರೆಯುವುದರಿಂದ ಒಮ್ಮೆ ಸಿಕ್ಕಿಬಿದ್ದರೆ ಹೊರಗೆ ಬರುವುದಿಲ್ಲ. `condition_on_previous_text=False` ಹಾಕಿ ಆ ಭಾಗವನ್ನು ಮತ್ತೊಮ್ಮೆ ಓಡಿಸಿ. ಒಂದೇ ಪದ ಸಾಲಾಗಿ ನಾಲ್ಕಕ್ಕಿಂತ ಹೆಚ್ಚು ಬಂದರೆ ತೆಗೆದುಹಾಕುವ ಸಾಲೊಂದನ್ನೂ ಬರೆದಿಡಿ. ಉಳಿದೆರಡು ಯಾವುವು?

ಪೆರ್ಲದ ಮೈಕು

ಹಲಸು. ಬೋರ್‌ವೆಲ್ ಬಂದ ಮೇಲೆ ಸುರಂಗದ ನೀರು ಕಮ್ಮಿಯಾದದ್ದು ಹೇಳ್ತಾ ಹೇಳ್ತಾ ಅಜ್ಜ ಬೋರ್ ತೋಡಿದ ಜಾಗದಲ್ಲಿದ್ದ ಹಲಸಿನ ಮರಕ್ಕೆ ಹೋದರು. ಅಲ್ಲಿಂದ ಅದರ ತೊಳೆಯ ರುಚಿ, ಹಪ್ಪಳ, ಅವರ ಅತ್ತೆ ಹಪ್ಪಳ ಕದ್ದ ಮಕ್ಕಳನ್ನು ಓಡಿಸಿದ್ದು. ಎರಡೂವರೆ ನಿಮಿಷ. ಆಮೇಲೆ ಮತ್ತೆ ಬೋರ್‌ವೆಲ್. ಯಂತ್ರ ಹಲಸಿನ ಮೊದಲೊಂದು, ಕೊನೆಗೊಂದು ಗುರುತು ಹಾಕಿದೆ.

ಬದಿಯಡ್ಕ ಟು ಬೆಂಗ್ಳೂರು

ಅದನ್ನು ತೆಗೆಯೋಕೆ ಸುಲಭ. ಹಲಸಿನ ಹಿಂದಿನ ಭಾಗವನ್ನೂ ಮುಂದಿನ ಭಾಗವನ್ನೂ ನೇರ ಹೋಲಿಸಿ. ಅವೆರಡೂ ಹೊಂದಿದರೆ ನಡುವಿನದ್ದು ಪಕ್ಕದ ಕಥೆ, ಗುರುತು ಬೇಡ.

ನೀರ್ಚಾಲು ಅಕ್ಕ

ಹೌದು, ಇದು ಒಳ್ಳೆಯ ಉಪಾಯ. ನಾನೂ ಹಾಗೆಯೇ ಮಾಡ್ತೇನೆ, ಮೂರು ನಿಮಿಷದೊಳಗಿನ ಭಾಗಕ್ಕೆ ಮಾತ್ರ.

ಅಂಗಡಿಮೊಗರು

ದಯವಿಟ್ಟು ತೆಗೆಯಬೇಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೇಳಿಸಿದ್ದು ಆ ಹಪ್ಪಳದ ಕಥೆ ಒಂದೇ. ಅದು ಎಲ್ಲಿ ಉಂಟು ಅಂತ ಹುಡುಕಿ ಹುಡುಕಿ ಸಾಕಾಯ್ತು.

ಹೊಸಂಗಡಿ ಶ್ರೋತೃ

ತಾಳಮದ್ದಳೆಯಲ್ಲೂ ಅರ್ಥಧಾರಿ ಪ್ರಸಂಗ ಬಿಟ್ಟು ಆಚೆ ಹೋದ ಜಾಗವನ್ನೇ ಜನ ನೆನಪಿಡುತ್ತಾರೆ. ಈಗ ನನಗೂ ನಿಮ್ಮ ಪ್ರಶ್ನೆ ಅರ್ಥವಾಯಿತು. ಎರಡು ಪದ್ಯಗಳ ನಡುವೆ ಮುಕ್ಕಾಲು ಗಂಟೆ ವಾದ ನಡೆಯುತ್ತದಲ್ಲ, ಅದರೊಳಗೆ ಗುರುತು ಹಾಕಲು ಮದ್ದಳೆಯ ಪೆಟ್ಟು ಸಾಲದು. ಆದರೆ ಅಲ್ಲಿ ಇಬ್ಬರೂ ಪ್ರಶ್ನೆ ಹಾಕುವವರೇ. ಯಾರ ಪ್ರಶ್ನೆಗೆ ಗುರುತು ಸರಿಸುವುದು?

ನೀರ್ಚಾಲು ಅಕ್ಕ

ಅಲ್ಲಿ ಪ್ರಶ್ನೆಯ ಉಪಾಯ ನಡೆಯಲಿಕ್ಕಿಲ್ಲ ಮಾವ. ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಜಾಗಕ್ಕೆ ಸರಿಸಿ ನೋಡಬಹುದು. ನಾನು ಮಾಡಿ ನೋಡಿದ್ದಲ್ಲ.

ಮೈಕು ಅವರೇ, ಟಿಪ್ಪಣಿಗೂ ಅದೇ ಲೆಕ್ಕ ಸಾಕು. ಒಂದು ಅಧ್ಯಾಯದ ಎಲ್ಲಾ ತುಂಡು ಸೇರಿಸಿ, ಉಳಿದ ಅಧ್ಯಾಯಗಳಲ್ಲಿ ಇಲ್ಲದೆ ಇಲ್ಲಿ ಮಾತ್ರ ಹೆಚ್ಚಿರುವ ಪದ ಯಾವುದು ನೋಡಿ. ಇಲ್ಲಿ ಮಾತ್ರ ಅಕ್ಷರದ ತುಣುಕು ಬೇಡ, `\S+`ನ ಇಡೀ ಪದ ಬಳಸಿ, ಇಲ್ಲದಿದ್ದರೆ ಮತ್ತೆ «ಗದಲ» ಬರ್ತದೆ. ಗಾಳಿಯ ಅಧ್ಯಾಯಕ್ಕೆ ಬತ್ತಿ, ನಂದಿತು, ಉಸಿರು ಅಂತ ಬಂತು. ಆ ಪದ ಹೆಚ್ಚಿರುವ ಎರಡು ವಾಕ್ಯ ಎತ್ತಿ ಇಟ್ಟುಕೊಂಡು ಟಿಪ್ಪಣಿ ನೀವೇ ಬರೆಯಿರಿ. ತಲೆಬರಹಕ್ಕೆ ಭಾವನ ಪ್ರಶ್ನೆಯನ್ನು ಮೊಟಕು ಮಾಡಿದರಾಯ್ತು. ಊರಿನ ಹೆಸರು, ಉಪಕರಣದ ಹೆಸರು ಬಂದ ಕಡೆ ಧ್ವನಿ ಕೇಳಿಯೇ ಬರೆಯಬೇಕು, ಮಡಕೆಯ ಕಥೆ ಗೊತ್ತುಂಟಲ್ಲ.

ತಾಳವಾಡಿ ಹುಡ್ಗ

ನಮ್ಮ ಕಡೆ ಇನ್ನೊಂದು ತೊಂದ್ರೆ ಐತೆ. ಮಾತಾಡ್ತಾ ಮಾತಾಡ್ತಾ ನಮ್ಮ ದೊಡ್ಡೋರು ತಮಿಳಿಗೆ ಹೋಗ್ಬುಡ್ತಾರೆ. ವಿಷ್ಯ ಅದೇ, ಭಾಷೆ ಬೇರೆ. ಯಂತ್ರ ಅಲ್ಲೊಂದು ಅಧ್ಯಾಯ ಮಾಡ್ತದೆ. ನಿಮ್ಮ ಅಜ್ಜ ತುಳು ಮಾತಾಡಲ್ವಾ?

ಪೆರ್ಲದ ಮೈಕು

ಈ ಕಂತಿನಲ್ಲಿ ಇಲ್ಲ. ಮುಂದಿನ ಕಂತಿನ ಅಜ್ಜಿ ಅರ್ಧ ತುಳುವೇ. ವಿಸ್ಪರ್‌ಗೆ ತುಳು ಗೊತ್ತಿಲ್ಲ, ಕೇಳಿದ್ದನ್ನು ಬಾಯಿಗೆ ಬಂದ ಕನ್ನಡ ಮಾಡ್ತದೆ.

ಬದಿಯಡ್ಕ ಟು ಬೆಂಗ್ಳೂರು

ಅಕ್ಷರದ ತುಣುಕು ಬಿಟ್ಟು ಎಂಬೆಡಿಂಗ್ ಹಾಕಿ. `LaBSE`ಗೆ 109 ಭಾಷೆ ಗೊತ್ತು, ಕನ್ನಡ ತಮಿಳು ಎರಡೂ ಇದೆ. ಅರ್ಥ ಒಂದಾದರೆ ಭಾಷೆ ಬೇರೆಯಾದರೂ ಹತ್ತಿರ ತೋರಿಸುತ್ತೆ.

ನೀರ್ಚಾಲು ಅಕ್ಕ

ತಾಳವಾಡಿಯವರಿಗೆ ಅದು ಸಹಾಯ ಆಗಬಹುದು, ತಮಿಳು ಭಾಗವನ್ನು ತಮಿಳಾಗಿ ಬರೆಸಿದ್ದರೆ. ಸಾಲು ಬಿಡಿಸಿ ಒಂದೊಂದನ್ನೇ ಕೊಡದೆ ನಾಲ್ಕೈದು ವಾಕ್ಯ ಸೇರಿಸಿ ಕೊಡಿ, ಮಾತಿನ ತುಂಡು ವಾಕ್ಯದಲ್ಲಿ ಅರ್ಥ ಎನ್ನುವುದು ಬಹಳ ಕಮ್ಮಿ ಇರ್ತದೆ. ತುಳು ಮಾತ್ರ ಬೇರೆ ಕಥೆ. ಆ 109ರಲ್ಲಿ ತುಳು ಇಲ್ಲ, ಟ್ರಾನ್ಸ್‌ಕ್ರಿಪ್ಟೇ ಸುಳ್ಳಾಗಿರುವಾಗ ಅದರ ಮೇಲೆ ಯಾವ ಲೆಕ್ಕ ಹಾಕಿದರೂ ಸುಳ್ಳೇ.

ತಾಳವಾಡಿ ಹುಡ್ಗ

ನಾನು ಮಾಡೋದು ಕೈಕೆಲ್ಸ. ತಮಿಳು ಶುರು ಆದ ಹೊತ್ತು, ಮುಗ್ದ ಹೊತ್ತು ಬರ್ಕೊಂಡು, ಆ ಭಾಗ ಲೆಕ್ಕದಿಂದ್ಲೇ ತೆಗೆದು ಎರಡು ಬದಿ ಜೋಡಿಸ್ತೀನಿ. ಅದ್ರೊಳಗೇ ವಿಷ್ಯ ತಿರುಗಿದ್ರೆ ಗೊತ್ತಾಗಲ್ಲ.

ಪೆರ್ಲದ ಮೈಕು

ಅಜ್ಜಿಯದ್ದು ಅರ್ಧ ಗಂಟೆ ತುಳು ಉಂಟು ಅಣ್ಣ, ತೆಗೆದರೆ ಉಳಿಯುವುದು ಚೆಂಡೆ ಮಾತ್ರ. ಆ ಕಂತಿಗೆ ಭಾವನ ಪ್ರಶ್ನೆಗಳನ್ನಷ್ಟೇ ಹಿಡಿದು ಗುರುತು ಹಾಕಿ ನೋಡ್ತೇನೆ, ಅವನು ಕನ್ನಡದಲ್ಲೇ ಕೇಳಿದ್ದು.

ಸುರಂಗದ ಕಂತಿನ ಹೊಸ ಪಟ್ಟಿ ಹಾಕಿದ್ದೇನೆ, 38 ಸೆಕೆಂಡು ಕೂಡಿಸಿ. ಯೂಟ್ಯೂಬಿಗೆ ಮೊದಲನೆಯದು 00:00 ಇರಲೇಬೇಕು, ಇಲ್ಲದಿದ್ದರೆ ಅಧ್ಯಾಯ ತೋರಿಸುವುದೇ ಇಲ್ಲ, ಅದಕ್ಕೆ ಪೀಠಿಕೆಗೂ ಒಂದು ಸಾಲು.

```
00:00 ಪೀಠಿಕೆ
06:51 ಸುರಂಗಕ್ಕೆ ಜಾಗ ಹುಡುಕುವುದು
15:10 ಒಳಗೆ ಗಾಳಿ ಉಂಟಾ?
22:47 ನೀರು ಮಡಕಕ್ಕೆ ಬರುವ ದಾರಿ
38:29 ಬೋರ್‌ವೆಲ್ ಬಂದ ಮೇಲೆ
41:16 ಹಲಸಿನ ಹಪ್ಪಳ
```

ಉಳಿದದ್ದು ಕಂತಿನ ಕೆಳಗೆ ಉಂಟು.

ಅಂಗಡಿಮೊಗರು

41:16 ಒತ್ತಿದೆ. ಸರಿಯಾಗಿ «ನಮ್ಮ ಅತ್ತೆ ಒಬ್ಬರಿದ್ದರು» ಅಂತಲೇ ಶುರುವಾಯ್ತು.